ಬೀರುವಿನಲ್ಲಿ ಬೀಗ ಹಾಕಿದ ಫೋನು

ಆ ಕನ್ನಡಕದ ಅಂಗಡಿಯಲ್ಲಿ ಆಕೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಹೆಸರು ಹಿಡಿದು ಕರೆಯುವವರೇ ಇಲ್ಲ. ಗಿರಾಕಿಗಳಿಗೂ, ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಮೂವರಿಗೂ ಆಕೆ ನಂಬರಕ್ಕ. ಯಾರ ಯಾವ ಕಣ್ಣಿಗೆ ಎಷ್ಟು ನಂಬರು ಎಂಬುದು ಅವಳ ನಾಲಿಗೆಯ ತುದಿಯಲ್ಲಿ. ಡಾಕ್ಟರ ಚೀಟಿಯ ಫೋಟೊಗಳು ಅಂಗಡಿಯ ವಾಟ್ಸಾಪಿಗೆ ಬರುತ್ತಿದ್ದವು. ಅವನ್ನು ಕೌಂಟರಿನ ಲ್ಯಾಪ್‌ಟಾಪಿನಲ್ಲಿ ನೋಡಿ ಹಿಂದಿನ ಕೋಣೆಗೆ ಹೇಳುವುದು ಅವಳ ಕೆಲಸ. ಒಂದೇ ಒಂದು ಗಾಜು ಅದಲುಬದಲಾದದ್ದಿಲ್ಲ.

ಯಜಮಾನನೋ, ತನ್ನ ನೆರಳನ್ನೇ ನಂಬದ ಆಸಾಮಿ. ಒಂದು ಸೋಮವಾರ ಅಂಗಡಿಯ ಫೋನನ್ನು ಆಫ್ ಮಾಡಿ ಬೀರುವಿನಲ್ಲಿಟ್ಟು ಬೀಗ ಜಡಿದ.

"ಗಿರಾಕಿಗಳ ನಂಬರೆಲ್ಲ ಇದರಲ್ಲಿದೆ, ಕಂಡೋರ ಕೈಗೆ ಯಾಕೆ? ಫೋನ್ ಆಫ್ ಇದ್ರೂ ಲ್ಯಾಪ್‌ಟಾಪಲ್ಲಿ ಮೆಸೇಜ್ ಬರುತ್ತಲ್ಲ."

"ಬರುತ್ತೆ ಸಾರ್. ಆದ್ರೆ ಹದಿನಾಲ್ಕು ದಿನ ಫೋನಲ್ಲಿ ವಾಟ್ಸಾಪ್ ತೆಗೀದೇ ಇದ್ರೆ, ಅದಕ್ಕೆ ಜೋಡಿಸಿರೋ ಕಂಪ್ಯೂಟರೆಲ್ಲ ತಾನಾಗೇ ಲಾಗ್‌ಔಟ್ ಆಗುತ್ತೆ. ನಡುವೆ ಒಂದ್ಸಲ ತೆಗೀರಿ."

"ನೀನು ನಂಗೆ ಪಾಠ ಹೇಳ್ತೀಯಾ?"

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಹದಿನೈದನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಂದು ಚೀಟಿಯೂ ಇಲ್ಲ. ಫೋನಿನಿಂದ ಸ್ಕ್ಯಾನ್ ಮಾಡಿ ಎನ್ನುವ ಕ್ಯೂಆರ್ ಚೌಕ ಮಾತ್ರ. ಹಿಂದಿನ ಕೋಣೆಯ ಕಂಪ್ಯೂಟರಿನಲ್ಲೂ ಅದೇ ಕಥೆ. ಅಷ್ಟರಲ್ಲಿ ಯಜಮಾನ ಮನೆಯಿಂದ ಬುಸುಗುಟ್ಟುತ್ತ ಬಂದ. ಅದೇ ವಾಟ್ಸಾಪಿಗೆ ಜೋಡಿಸಿದ್ದ ಅವನ ಮನೆಯ ಲ್ಯಾಪ್‌ಟಾಪೂ ಲಾಗ್‌ಔಟ್ ಆಗಿತ್ತು.

"ಎದುರಿನ ಅಂಗಡಿಯೋರಿಗೆ ನಮ್ಮ ಗಿರಾಕಿಗಳನ್ನ ಕದ್ದು ಕೊಟ್ಟು, ಇಲ್ಲಿ ಎಲ್ಲ ಅಳಿಸಿಬಿಟ್ಟೆ. ಕಳ್ಳಿ. ನಾಳೆಯಿಂದ ಬರಬೇಡ," ಎಂದ, ಗಿರಾಕಿಗಳ ಎದುರಿಗೇ.

ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಬಹುಮಾನ ನೋಡಿ! ಅವಳಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಕಳ್ಳಿ ಎನಿಸಿಕೊಂಡವಳನ್ನು ಯಾರು ಕೌಂಟರಿಗೆ ಕೂರಿಸುತ್ತಾರೆ?

"ಸಾರ್, ನಿಮ್ಮ ಮನೆ ಲ್ಯಾಪ್‌ಟಾಪನ್ನ ನಾನು ಲಾಗ್‌ಔಟ್ ಮಾಡ್ಬೇಕಂದ್ರೆ ಆ ಫೋನ್ ಬೇಕು. ಫೋನ್ ಎಲ್ಲಿದೆ?"

"ಬೀರುವಲ್ಲಿ."

"ಬೀಗದ ಕೈ?"

ಯಜಮಾನನ ಕೈ ತನ್ನ ಜೇಬಿನ ಮೇಲೆ ಹೋಯಿತು. ಗಿರಾಕಿಯೊಬ್ಬರು ಕಿಸಕ್ಕನೆ ನಕ್ಕರು.

ಬೀರು ತೆರೆಯಿತು. ಫೋನ್ ಆನ್ ಆದೊಡನೆ ಎರಡು ವಾರದ ಮೆಸೇಜುಗಳು ದಬದಬನೆ ಬಂದು ಬಿದ್ದವು. ಅವಳು ಜೋಡಿಸಿದ ಕಂಪ್ಯೂಟರುಗಳ ಪಟ್ಟಿ ಇರುವ ಲಿಂಕ್ಡ್ ಡಿವೈಸಸ್ ಒತ್ತಿ ತೋರಿಸಿದಳು: ಪಟ್ಟಿ ಖಾಲಿ, ಹದಿನಾಲ್ಕು ದಿನ ಕಳೆದು ಎಲ್ಲ ತಾನಾಗೇ ಕಳಚಿಕೊಂಡಿತ್ತು. ಲ್ಯಾಪ್‌ಟಾಪಿನ ಚೌಕವನ್ನು ಸ್ಕ್ಯಾನ್ ಮಾಡಿದಳು. ಸ್ವಲ್ಪ ಹೊತ್ತಿಗೆ ಚೀಟಿಗಳೆಲ್ಲ ಮರಳಿದವು.

"ಸರಿ, ಆಯ್ತಲ್ಲ. ಕೂತ್ಕೋ," ಎಂದ ಯಜಮಾನ.

"ಎಲ್ಲಿ ಆಯ್ತು? ಕಳ್ಳಿ ಅಂದಿದ್ದು ಇವರ ಮುಂದೆ. ಅಲ್ಲ ಅನ್ನೋದೂ ಇವರ ಮುಂದೆನೇ ಹೇಳಿ."

ಅವನು ನೆಲ ನೋಡುತ್ತ ಏನೋ ಗೊಣಗಿದ.

"ಹಿಂದಿನ ಕೋಣೆಗೆ ಕೇಳಿಸಲಿಲ್ಲ," ಎಂದು ಅವಳು ಒಳಗೆ ಹೋಗಿ ಉಜ್ಜುವ ಯಂತ್ರವನ್ನೇ ನಿಲ್ಲಿಸಿ ಬಂದಳು. ಅಂಗಡಿ ಗಪ್‌ಚಿಪ್ಪಾಯಿತು.

"ನಂಬರಕ್ಕ ಕಳ್ಳಿ ಅಲ್ಲ. ತಪ್ಪು ನಂದೇ."

ಅವಳು ಚೀಲ ಹೆಗಲಿಗೇರಿಸಿದಳು.

"ನಾಳೆಯಿಂದ ಯಾಕೆ ಸಾರ್? ಈಗಿಂದಲೇ ಬರಲ್ಲ."