ಉತ್ತರ ಬಾರದ ಶುಕ್ರವಾರ

ಒಂದೇ ಕೋಣೆಯ ಮನೆಯಲ್ಲಿ ಕೂತು, ಸಾಮಾನುಗಳಿಗೆ ಸುತ್ತುವ ಕಾಗದದ ಹೊದಿಕೆಗಳ ವಿನ್ಯಾಸ ಮಾಡುವ ಆಕೆಗೆ ಮಾತಿಗೆ ಸಿಗುವವರು ಪ್ರೆಸ್ಸಿನವರು ಮಾತ್ರ. ಸಾಬೂನು ತಯಾರಿಸುವ ಗಿರಾಕಿಗೆ ಹೊದಿಕೆಯ ಕೊನೆಯ ಕರಡು ಕಳಿಸಿ ಬಹಳ ದಿನವಾಗಿತ್ತು. ಒಪ್ಪಿಗೆ ಬಂದಿರಲಿಲ್ಲ. ಪ್ರೆಸ್ಸಿನಲ್ಲಿ ಶನಿವಾರದ ಸರದಿ ತಪ್ಪಿದರೆ ಮುಂದಿನದು ತಿಂಗಳಾಚೆ. ಹಾಗಾಗಿ ಬರೆದಿದ್ದಳು: ‘ಶುಕ್ರವಾರ ಸಂಜೆಯೊಳಗೆ ನಿಮ್ಮಿಂದ ಏನೂ ಬರದಿದ್ದರೆ, ಒಪ್ಪಿಗೆಯೆಂದು ತಿಳಿದು ಅಚ್ಚಿಗೆ ಕೊಡುತ್ತೇನೆ.’

ಶುಕ್ರವಾರ ಸಂಜೆ ಪ್ರೆಸ್ಸಿನ ಯಜಮಾನರು ಫೋನ್ ಮಾಡಿದರು.

“ಏನಮ್ಮಾ, ಹೊಡೆದುಬಿಡ್ಲಾ? ಮೌನಂ ಸಮ್ಮತಿ ಲಕ್ಷಣಂ!”

“ಅದು ಮದುವೆ ಮಾತಿಗಾಯ್ತು ಸಾರ್. ಅಚ್ಚಾದ್ಮೇಲೆ ಗಿರಾಕಿ ‘ನಾನು ಹೂಂ ಅಂದಿರ್ಲಿಲ್ಲ’ ಅಂದ್ರೆ, ಅಷ್ಟೂ ಹೊದಿಕೆ ನೀವು ಹೊದ್ಕೋತೀರಾ?”

“ಬೇಗ ಹೇಳು ತಾಯಿ, ಹಿಂದೆ ಇನ್ನೊಬ್ರು ಕಾಯ್ತಿದಾರೆ.”

ಆಕೆಗೆ ಅಣ್ಣ ನೆನಪಾದ. ಹೋದ ವರ್ಷ ಅವನೂ ಹೀಗೇ ಬರೆದಿದ್ದ: ‘ಭಾನುವಾರದೊಳಗೆ ಹೇಳದಿದ್ರೆ ಅಮ್ಮನ ಹೊಲಿಗೆ ಯಂತ್ರ ಯಾರಿಗಾದ್ರೂ ಕೊಟ್ಬಿಡ್ತೀನಿ.’ ಜ್ವರದಲ್ಲಿ ಮಲಗಿದ್ದ ಆಕೆ ಅದನ್ನು ಓದುವಷ್ಟರಲ್ಲಿ ಯಂತ್ರ ಹೋಗಿತ್ತು. ಬೈಯಲೂ ಆಗಲಿಲ್ಲ, ಅವನು ಕೇಳಿಯೇ ಕೊಟ್ಟಿದ್ದ.

“ಸರದಿ ಅವ್ರಿಗೇ ಕೊಡಿ ಸಾರ್,” ಎಂದಳು.

ಗಿರಾಕಿ ಫೋನ್ ಎತ್ತಲಿಲ್ಲ. ಮತ್ತೆ ಬರೆದಳು: ‘ನಿಮ್ಮ ಹೂಂ ಇಲ್ಲದೆ ಅಚ್ಚಿಗೆ ಕೊಡುವುದಿಲ್ಲ. ಈ ಸರದಿ ಬಿಟ್ಟಿದ್ದೇನೆ, ಕೆಲಸ ಒಂದು ತಿಂಗಳು ತಡವಾಗುತ್ತದೆ. ನೀವು ಚೆನ್ನಾಗಿದ್ದೀರಾ?’

ಭಾನುವಾರ ಉತ್ತರ ಬಂತು: ‘ಯಾವುದನ್ನೂ ಓದಿರಲಿಲ್ಲ. ಆಸ್ಪತ್ರೇಲಿದ್ದೀನಿ. ಹೊದಿಕೆ ಬೇಡ, ಸಾಬೂನೇ ನಿಲ್ಲಿಸ್ತೀನೇನೋ.’

ಕೆಲಸ ಹೋಯಿತು. ಆಕೆ ಈ ಸಲ ಗಡುವಿಲ್ಲದೆ ಇನ್ನೊಂದು ಸಾಲು ಬರೆದಳು: ‘ಯಾವ ಆಸ್ಪತ್ರೆ?’