ಅವ್ವನ ಪಾಲಿನ ಎರಡು ಬಿಸ್ಕೀಟ

ಅವ್ವ ಹ್ವಾದ ಮ್ಯಾಲೂ ನಂಗ ಪಾಕೀಟ ತಿರುವಿ ಓದೂ ಚಟ ಹೋಗಿಲ್ರಿ. ಬಾಗೇವಾಡಿ ಬಸ್‌ಸ್ಟ್ಯಾಂಡ್ ಹತ್ರ ಇರೂ ಕಿರಾಣಿ ಅಂಗಡಿಗೆ ಹ್ವಾದ್ರ ಕೈ ತಾನ ಪಾಕೀಟ ಮಗಚ್ತೈತಿ, ಕಣ್ಣು ಸೋಡಿಯಂ ಅನ್ನೂ ಸಾಲು ಹುಡುಕ್ತೈತಿ. ಆಮ್ಯಾಲ ನೆನಪಾಗ್ತೈತಿ, ಯಾರ ಸಲುವಾಗಿ ಓದಾಕತ್ತೇನಿ ಅಂತ. ಸುಮ್ನ ಇಟ್ಟು ಬರ್ತೇನಿ.

ಇದನ್ನ ನಂಗ ಯಾರೂ ಸಾಲ್ಯಾಗ ಕಲಿಸಿದ್ದಲ್ಲ. ಅವ್ವನ ಕಾಲು ಬಾತು, ನಾಕ ಹೆಜ್ಜಿ ನಡದ್ರ ತೇಕು ಹತ್ತಾಕತ್ತಿತ್ತು. ಡಾಕ್ಟರು, "ಹಾರ್ಟಿನ ಪಂಪಿಂಗ್ ಕಡಿಮಿ ಆಗೈತಿ. ಉಪ್ಪು ಬಿಡಸ್ರಿ. ದಿನಕ್ಕ ಸೋಡಿಯಂ ಎರಡು ಸಾವಿರ ಮಿಲಿಗ್ರಾಂ ದಾಟಬಾರ್ದು" ಅಂದ್ರು. ನಂಗೇನ್ ತಿಳೀತೈತ್ರಿ? ಮನಿಗೆ ಬಂದು ಮೊಬೈಲ್ ಹಿಡಕೊಂಡು ಕುಂತ್ನಿ. ಉಪ್ಪಿನ್ಯಾಗ ಇರೂದ ಸೋಡಿಯಂ, ಅದ ಮೈಯಾಗ ನೀರು ಹಿಡದಿಡ್ತೈತಿ, ಅದಕ್ಕ ಕಾಲು ಬಾಯ್ತಾವು. ಎರಡು ಸಾವಿರ ಮಿಲಿಗ್ರಾಂ ಅಂದ್ರ ಹತ್ರ ಹತ್ರ ಒಂದ ಚಾದ ಚಮಚಾ ಉಪ್ಪು. ದಿನಪೂರ್ತಿ, ಎಲ್ಲಾ ಕೂಡಿ.

ನಾವೇನು ಅಂಜಲಿಲ್ಲ. ಜ್ವಾಳದ ರೊಟ್ಟಿಗೆ ಮೊದ್ಲ ಉಪ್ಪು ಹಾಕೂದಿಲ್ಲ. ಪಲ್ಯಾದಾಗ ಬಿಟ್ವಿ, ಉಪ್ಪಿನಕಾಯಿ ಡಬ್ಬಿ ಮ್ಯಾಲಿನ ಮಾಡಕ್ಕ ಹ್ವಾತು. ಖರೆ ಕಾಲಿನ ಬಾವು ಇಳೀಲೇ ಇಲ್ಲ.

ನಮ್ಮ ಕಡೆ ಒಂದು ರೂಢಿ ಐತಿ, ನಿಮಗೂ ಗೊತ್ತಿರ್ತೈತಿ. ಆರಾಮಿಲ್ದವ್ರನ್ನ ಮಾತಾಡ್ಸಾಕ ಬರಿಗೈಲೆ ಯಾರೂ ಬರೂದಿಲ್ಲ. ಬ್ರೆಡ್, ಬಿಸ್ಕೀಟ, ಬೇಕರಿಯ ಪದರ ಪದರಿನ ಖಾರಿ, ಏನರ ಒಂದು ಕೈಯಾಗ ಇರಬೇಕು. ತಂದವ್ರ ಮುಂದ ಒಂದ ತುತ್ತರ ತಿನ್ನಬೇಕು, ಇಲ್ಲಂದ್ರ ಅವ್ರ ಮನಸ್ಸಿಗೆ ಹತ್ತತೈತಿ. ಇಂಡಿ ಕಡಿಂದ ಬಂದ್ರು, ಸಿಂದಗಿ ಕಡಿಂದ ಬಂದ್ರು, ಅವ್ವನ ಹಾಸಿಗಿ ಬಾಜೂಕ ಪಾಕೀಟಿನ ಗುಡ್ಡ ಆತು. ಸಿಹಿ ಬಿಸ್ಕೀಟಿನ್ಯಾಗ ಉಪ್ಪೆಲ್ಲಿ ಇರ್ತೈತಿ ಅಂತ ನಾವೂ ಸುಮ್ನಿದ್ವಿ.

ಒಂದಿನ ಸುಮ್ನ ಒಂದು ಬ್ರೆಡ್ಡಿನ ಪಾಕೀಟ ತಿರುವಿದ್ನಿ. ನೂರು ಗ್ರಾಮಿನ್ಯಾಗ ಐದನೂರು ಮಿಲಿಗ್ರಾಂ ಸೋಡಿಯಂ! ಅವ್ವ ಚಾದಾಗ ಅದ್ದಿ ಅರ್ಧ ಪೌಂಡು ಖಾಲಿ ಮಾಡ್ತಿದ್ಲು. ಆವತ್ತಿಂದ ಗುಡ್ಡದಾಗಿನ ಎಲ್ಲಾ ಪಾಕೀಟ ಓದಿದ್ನಿ. ಐ.ಎನ್.ಎಸ್. ಅಂತ ಬರದು ಮುಂದ ನಂಬರ್ ಇರ್ತೈತಲ್ರಿ, ಅವು ಅಡಿಟಿವ್, ಬಣ್ಣಕ್ಕ, ರುಚಿಗೆ, ಕೆಡದಂಗ ಇಡಾಕ ಕೂಡಿಸಿದ್ದು. ಎಲ್ಲಾ ವಿಷ ಅಲ್ಲ. ಮುನ್ನೂರಾ ಮೂವತ್ತು ಅಂದ್ರ ಲಿಂಬಿಹುಳಿಯಂಥಾದ್ದು. ಐದನೂರು ಅಂದ್ರ ಅಡಿಗಿ ಸೋಡಾದ ಜಾತಿ, ಆರನೂರಾ ಇಪ್ಪತ್ತೊಂದು ಚೈನೀಸ್ ತಿಂಡಿಗೆ ಹಾಕೂ ರುಚಿಪುಡಿ. ಇವೆರಡರಾಗೂ ಸೋಡಿಯಂ ಐತಿ, ನಾಲಿಗಿಗೆ ಉಪ್ಪು ಅನಸೂದಿಲ್ಲ ಅಷ್ಟ.

ಅವ್ವ ನಗ್ತಿದ್ಲು. "ಎಲ್ಲಾರ ಮನ್ಯಾಗ ಶ್ರಾವಣದಾಗ ಪುರಾಣ ಓದ್ತಾರ, ನನ್ನ ಮಗ ದಿನಾ ಪಾಕೀಟ ಓದ್ತಾನ. ನನ್ನ ಆಯುಷ್ಯ ಎಷ್ಟಂತ ಹಿಂದ ಬರದಾರೇನು ನೋಡೋ."

"ಬರದಾರ ಬೇ, ಸಣ್ಣ ಅಕ್ಷರ, ಕಾಣವಲ್ದು."

ಬ್ರೆಡ್ ನಿಂತ ಮ್ಯಾಲ ಬಾವು ಸೊಲ್ಪ ಇಳೀತು. ನಂಗ ರೆಕ್ಕಿ ಬಂದಂಗಾತು ನೋಡ್ರಿ.

ಆ ವಾರನ ಮಾಮಾ ಬಂದ. ಅವ್ವನ ಖಾಸಾ ತಮ್ಮ. ಮುದ್ದೇಬಿಹಾಳ ಎ.ಪಿ.ಎಂ.ಸಿ.ಯೊಳಗ ರೈತರ ಕಾಳು ಮಾರಸಿ ಕೊಡೂ ಅಡತಿ ಅಂಗಡ್ಯಾಗ ಇರ್ತಾನ, ಗದ್ದಲದ ಮನಶ್ಯಾ. ಅವ್ವಗ ಇವ ಬಂದ್ರ ಅರ್ಧ ಬ್ಯಾನಿ ಕಡಿಮಿ. ಬರೂ ಮುಂದ ಒಂದು ಸೂಪಿನ ಪಾಕೀಟ, ಒಂದು ಖಾರಿ ಪಾಕೀಟ ತಂದಿದ್ದ.

"ತಗೋಳಕ್ಕಾ, ಈ ಸಲ ಶಾಣ್ಯಾತನ ಮಾಡಿ ತಂದೇನಿ. ಟ್ರಾನ್ಸ್ ಫ್ಯಾಟ್ ಸೊನ್ನಿ ಅಂತ ಮುಂದ ದೊಡ್ಡದಾಗಿ ಬರದಾರ."

ನಾ ಇಸಗೊಂಡು ಹಿಂದ ತಿರುವಿದ್ನಿ. "ಮಾಮಾ, ಟ್ರಾನ್ಸ್ ಫ್ಯಾಟ್ ಅಂದ್ರ ಎಣ್ಣಿ ಗಟ್ಟಿ ಮಾಡೂ ಮುಂದ ಆಗೂ ಕೆಟ್ಟ ಕೊಬ್ಬು. ಡಾಲ್ಡಾದಂಥಾದ್ರಾಗ ಇರ್ತೈತಿ, ನರ ಕಟ್ಟಸ್ತೈತಿ. ಅದು ಇಲ್ಲಂದ್ರ ಚಲೋನ. ಖರೆ ಉಪ್ಪಿಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ನೋಡ್ರಿ, ಸೂಪಿನ್ಯಾಗ ಒಂದ ಸರ್ವಿಂಗಿಗೆ ನಾಕನೂರು."

"ಎರಡು ಸಾವಿರ ನಡೀತೈತಿ ಅಂದಾರಲ್ಲ! ನಾಕನೂರು ಏನ್ ಮಹಾ?"

"ಸರ್ವಿಂಗ್ ಅಂದ್ರ ಕಂಪನಿಯವ್ರು ಒಬ್ರ ಪಾಲು ಅಂತ ಹಿಡದದ್ದು. ಈ ಪಾಕೀಟ ನಾಕು ಮಂದಿ ಪಾಲು. ಅವ್ವ ಒಬ್ಬಾಕಿನ ಪೂರಾ ಕುಡದ್ರ ಹದಿನಾರನೂರು ಆತು. ಇದೂ ಬ್ಯಾಡ, ಖಾರೀನೂ ಬ್ಯಾಡ."

ಮಾಮಾನ ಮಾರಿ ಕೆಂಪಾತು. "ಅಳಿಯಾ, ನಮ್ಮಕ್ಕಗ ನಾ ವಿಷ ತಂದೇನೇನ್ಲೇ? ನೀ ಹುಟ್ಟೂಕಿಂತ ಮೊದ್ಲಿಂದ ಆಕಿಗೆ ಏನು ಸೇರ್ತೈತಿ ನಂಗ ಗೊತ್ತೈತಿ."

"ಅವ್ನ ಮಾತು ಬಿಡೋ ತಮ್ಮಾ, ಒಂದ ಖಾರಿ ಕೊಡು" ಅಂತ ಅವ್ವ ಕೈ ಚಾಚಿದ್ಲು. ನಾ ಪಾಕೀಟ ಕೊಡಲಿಲ್ಲ. ಮಾಮಾ ಚಾನೂ ಕುಡೀಲಿಲ್ಲ, ಗಾಡಿ ಚಾಲೂ ಮಾಡಿ ಹ್ವಾದ.

ಅವ್ವ ಭಾಳ ದಿವ್ಸ ಬಾಗಲಾ ನೋಡಿದ್ಲು. ಯಾವ್ದರ ಗಾಡಿ ಓಣ್ಯಾಗ ನಿಂತ್ರ, "ನಿಮ್ಮ ಮಾಮಾ ಏನ್ ನೋಡೋ" ಅಂತಿದ್ಲು. ನಾ ಫೋನ್ ಹಚ್ಚಿದ್ನಿ. "ಪ್ಯಾಟ್ಯಾಗ ತೊಗರಿ ಬಂದೈತಿ, ಕೈ ಬಿಡುವಿಲ್ಲ, ಐತ್ವಾರ ಬರ್ತೇನಿ" ಅಂದ. ಆ ಐತ್ವಾರ ಬರೂಕಿಂತ ಮೊದ್ಲ, ಮುಂಜಾನಿ ಚಾ ಕೊಡಾಕ ಎಬ್ಬಿಸಿದ್ರ, ಅವ್ವ ಏಳಲಿಲ್ಲ. "ಹಾರ್ಟ್ ದಣದಿತ್ತಪಾ, ನೀವು ಚಲೋ ನೋಡಕೊಂಡ್ರಿ" ಅಂದ್ರು ಡಾಕ್ಟರು. ಕಾಲಿನ ಬಾವು ಪೂರಾ ಇಳದಿತ್ತು. ಕಾಲು ಸಣ್ಣ ಹುಡುಗಿ ಕಾಲಿನಂಗ ಇದ್ವು.

ಮಣ್ಣಾದ ಮ್ಯಾಲ ಮಂದಿ ಎಲ್ಲಾ ಚದುರಿ ಹ್ವಾದ್ರು. ಮಾಮಾ ಕಟ್ಟಿ ಮ್ಯಾಲ ಕುಂತಿದ್ದ. ಅತ್ತು ಅತ್ತು ದನಿ ಬಿದ್ದಿತ್ತು. ನಾ ಹೋಗಿ ಬಾಜೂಕ ಕುಂತ್ನಿ. ಅಂವ ಚೀಲದಾಗ ಕೈ ಹಾಕಿ ಒಂದು ಬಿಸ್ಕೀಟ ಪಾಕೀಟ ತಗದ. ಐತ್ವಾರಕ್ಕಂತ ತಗೊಂಡಿಟ್ಟಿದ್ದಂತ.

"ನಾನೂ ಓದಿ ತಂದಿದ್ನೋ ಅಳಿಯಾ. ಅಂಗಡಿಯಂವಗ ಹತ್ತ ಪಾಕೀಟ ತಿರುವಾಕ ಹಚ್ಚಿದ್ನಿ, ಬೈದ ನಂಗ. ಇಲ್ಲಿ ನೋಡು, ಸೋಡಿಯಂ ಬರೇ ತೊಂಬತ್ತು. ಇದು ನಡೀತಿತ್ತಿಲ್ಲೋ ಅಕ್ಕಗ?"

ನಾ ತಿರುವಿ ನೋಡಿದ್ನಿ. ತೊಂಬತ್ತು ಒಂದ ಸರ್ವಿಂಗಿಂದು. ಸರ್ವಿಂಗ್ ಅಂದ್ರ ಎರಡ ಬಿಸ್ಕೀಟ. ಬಾಜೂದ ಸಾಲಿನ್ಯಾಗ ನೂರು ಗ್ರಾಮಿಗೆ ಆರನೂರು ಅಂತ ಇತ್ತು. ಅಂವ ಸಣ್ಣ ನಂಬರ್ ಹುಡುಕಿ ಹುಡುಕಿ ತಪ್ಪು ಸಾಲು ಹಿಡಕೊಂಡಿದ್ದ.

ಹೇಳಾಕ ಬಾಯಿ ತಗದ್ನಿ. ಅಷ್ಟ್ರಾಗ ಲೆಕ್ಕ ತಲ್ಯಾಗ ತಾನ ಆತು. ಎರಡು ಸಾವಿರದಾಗ ತೊಂಬತ್ತು. ಎರಡ ಬಿಸ್ಕೀಟ ತಿಂದಿದ್ರ ಅವ್ವಗ ಏನೂ ಆಗ್ತಿರ್ಲಿಲ್ಲ. ಅಂವ ಹಿಡದ ಸಾಲು ತಪ್ಪಲ್ಲ. ಎಷ್ಟು ತಿಂತೀವಿ ಅನ್ನೂದರ ಮ್ಯಾಲ ಐತಿ ಎಲ್ಲಾ. ಆವತ್ತಿನ ಖಾರೀನೂ ಒಂದ ಆಗಿದ್ರ ನಡೀತಿತ್ತು. ಆಕಿ ಕೇಳಿದ್ದೂ ಒಂದ.

"ಹೌದ್ರಿ ಮಾಮಾ" ಅಂದ್ನಿ. "ನಡೀತಿತ್ತು. ಎರಡು."

"ಎರಡ ಸಾಕಾಗಿತ್ತೋ ಆಕಿಗೆ" ಅಂದ ಮಾಮಾ. ಪಾಕೀಟ ಹರದು ಎರಡು ತಗದ. ಯಾರಿಗೆ ಕೊಡಬೇಕು ಅನ್ನೂದು ತಿಳೀಲಾರ್ದ, ಹಂಗ ಅಂಗೈಯಾಗ ಹಿಡಕೊಂಡು ಕುಂತ.