ಮೊದಲ ಸಾಲಿನ ಹೆಸರು

ಹಾಲಾಡಿಯ ಗೇರುಬೀಜ ಕಾರ್ಖಾನೆಯಿಂದ ಗಿರಾಕಿಗಳಿಗೆ ಇಮೇಲ್ ಕಳಿಸುವವಳು ವನಜ. ಒಂದು ದೀಪಾವಳಿಗೆ, ಗಿರಾಕಿಗಳ ಪಟ್ಟಿಯಿಂದ ಹೆಸರು, ಕಂಪನಿ ತಾವಾಗಿ ತುಂಬಿಕೊಳ್ಳುವಂತೆ ಮಾಡಿ, ಎಲ್ಲರಿಗೂ ಒಟ್ಟಿಗೆ ಶುಭಾಶಯ ಕಳಿಸಿದಳು. ಮುಂಬಯಿಯ ಹಳೇ ಗಿರಾಕಿ ಪಾಂಡು ಶೇರಿಗಾರರಿಗೆ ಹೋದದ್ದರಲ್ಲಿ ಹೆಸರು ಬರಬೇಕಾದಲ್ಲಿ ಬರೀ ಆವರಣ ಚಿಹ್ನೆ, ಅದರ ಕೆಳಗೆ ಬೇರೆಯವರ ಕಂಪನಿ.

ಫೋನ್ ಬಂತು. “ಎಂತ ಮಾರಾಯ್ತಿ, ಇಷ್ಟ್ ವರ್ಷ ಆಯ್ತ್, ನಂಗೊಂದ್ ಹೆಸ್ರಿಲ್ಯಾ? ಇನ್ ಮೇಲೆ ಎಂತದೂ ಕಳ್ಸೂದ್ ಬ್ಯಾಡ.”

ಅಂದಿನಿಂದ ಕಂಪ್ಯೂಟರಿಗೊಂದು ಚೀಟಿ ಅಂಟಿತು: ಹೆಸರು, ಕಂಪನಿ, ಖಾಲಿ ಆವರಣ, ಲಗತ್ತು. ಕಳಿಸುವ ಮುಂಚೆ ವನಜ ಅದನ್ನು ಗಟ್ಟಿಯಾಗಿ ಓದುತ್ತಾಳೆ. ಬೈಂದೂರಿನವರ ದರಪಟ್ಟಿ ಬ್ರಹ್ಮಾವರಕ್ಕೆ ಹೊರಟದ್ದನ್ನೂ ಹಿಡಿದಿದ್ದಾಳೆ. ನಗುವವರು ನಗಲಿ.

ಪಟ್ಟಿಯಲ್ಲಿ ಪರೀಕ್ಷೆಗೆ ತೆರೆಯುವ ಮೊದಲ ಸಾಲು ಇವತ್ತಿಗೂ ಪಾಂಡು ಶೇರಿಗಾರರದ್ದೇ. ಹೆಸರು ಸರಿ, ಕಂಪನಿ ಸರಿ. ನೋಡಿ ಮುಗಿಸಿ, ಆ ಸಾಲಿನ ಟಿಕ್ ಗುರುತು ತೆಗೆದು, ಉಳಿದವರಿಗೆ ಕಳಿಸುತ್ತಾಳೆ.